ಫೋನಿನಲ್ಲಿ 2.88, ಫಾರ್ಮ್‌ನಲ್ಲಿ 2-35: ಒಂದೇ ಹೊಲದ ಎರಡು ಅಂಕಿ

ಜೂನ್‌ನಲ್ಲಿ ಬಿತ್ತನೆ ಶುರುವಾದರೆ ಘಣಸೋಲಿಯಲ್ಲಿರುವ ನಮ್ಮಂಥವರ ಫೋನಿಗೂ ಕೆಲಸ ಹೆಚ್ಚುತ್ತದೆ. ಊರಿನಿಂದ ಬೀಜ, ಗೊಬ್ಬರದ ಮಾತು ಮುಗಿದ ಮೇಲೆ ಬರುವ ಪ್ರಶ್ನೆ ಬೆಳೆ ವಿಮೆಯದು. ಫಾರ್ಮ್ ತುಂಬುವುದು, ಎಫ್‌ಐಡಿ ಸಂಖ್ಯೆ ಹುಡುಕುವುದು, ಪಹಣಿ ಡೌನ್‌ಲೋಡ್ ಮಾಡಿ ಕಳಿಸುವುದು ಇವೆಲ್ಲ ‘ಮುಂಬೈದಾಗ ಇರೋ ಮಗ’ನ ಪಾಲಿಗೆ ಬರುತ್ತವೆ. ಹೆಚ್ಚಿನ ಕಾಲಂಗಳಿಗೆ ಉತ್ತರ ಕಾಗದದಲ್ಲೇ ಇರುತ್ತದೆ. ‘ಯಾವ ಬೆಳೆ, ಎಷ್ಟು ವಿಸ್ತೀರ್ಣ’ ಎಂಬ ಕಾಲಂಗೆ ಮಾತ್ರ ಉತ್ತರ ಹೊಲದಲ್ಲಿರುತ್ತದೆ.

ಈ ಕಾಲಂ ಏಕೆ ಮುಖ್ಯ ಎಂಬುದನ್ನು ಮೊದಲು ನೋಡೋಣ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ಸಾಮಾನ್ಯವಾಗಿ ನಿಮ್ಮೊಬ್ಬರ ಹೊಲದ ನಷ್ಟ ನೋಡಿ ಬರುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಎಷ್ಟು ಕುಸಿದಿದೆ ಎಂದು ನೋಡುತ್ತಾರೆ. ಆ ಶೇಕಡಾವಾರು ಇಡೀ ಪಂಚಾಯಿತಿಗೆ ಒಂದೇ. ಹೆಕ್ಟೇರಿಗೆ ಇಷ್ಟು ಎಂಬ ವಿಮಾ ಮೊತ್ತವೂ ಒಂದೇ. ಈ ಲೆಕ್ಕದಲ್ಲಿ ರೈತ ತಾನೇ ಹೇಳುವ ಅಂಕಿ ವಿಸ್ತೀರ್ಣ ಮಾತ್ರ. ಅದು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಬರುವ ಹಣ ತಪ್ಪುತ್ತದೆ.

ಪಹಣಿ ಇದ್ದಮೇಲೆ ಅಳೆಯುವುದು ಯಾಕೆ?

ಕಲಬುರಗಿ ಜಿಲ್ಲೆಯಲ್ಲಿರುವ ನಮ್ಮ ಹೊಲಕ್ಕೆ ಪಹಣಿಯಲ್ಲಿ 4-12 ಇದೆ. ಅಂದರೆ ನಾಲ್ಕು ಎಕರೆ ಹನ್ನೆರಡು ಗುಂಟೆ. ಅದರಲ್ಲಿ 6 ಗುಂಟೆ ಖರಾಬು, ಹಳ್ಳದ ದಂಡೆ. ಉಳುಮೆಗೆ ಉಳಿಯುವುದು 4-06. ‘ಪಹಣ್ಯಾಗ ಇದ್ದಷ್ಟು ಬರಿ, ಅಳಿಯೂದ್ಯಾಕ?’ ಎಂದರು ಅಪ್ಪ.

ಅಳೆಯಬೇಕಾಗಿದ್ದಕ್ಕೆ ಕಾರಣ, ಆ ವರ್ಷ ಹೊಲದ ಒಂದು ಮೂಲೆಗೆ ಹೆಸರು, ಉಳಿದದ್ದಕ್ಕೆ ತೊಗರಿ ಬಿತ್ತಿದ್ದೆವು. ಪಹಣಿ ಹೇಳುವುದು ಭೂಮಿ ಎಷ್ಟು ಎಂದು. ವಿಮೆ ಕೇಳುವುದು ಯಾವ ಬೆಳೆ ಎಷ್ಟು ಎಂದು. ಇಡೀ 4-06 ತೊಗರಿ ಎಂದು ಬರೆದು, ಮುಂದೆ ಬೆಳೆ ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಹೆಸರೂ ದಾಖಲಾದರೆ ಎರಡು ದಾಖಲೆ ತಾಳೆಯಾಗುವುದಿಲ್ಲ. ಅರ್ಜಿ ತಿರಸ್ಕೃತವಾಗುವ ದಾರಿಗಳಲ್ಲಿ ಇದೂ ಒಂದು. ಇನ್ನೊಂದು ಮಿತಿಯನ್ನೂ ನೆನಪಿಡಬೇಕು. ಆ್ಯಪ್ ಎಷ್ಟೇ ತೋರಿಸಲಿ, ಪಹಣಿಯಲ್ಲಿ ಇರುವುದಕ್ಕಿಂತ ಹೆಚ್ಚಿಗೆ ವಿಮೆ ಮಾಡಿಸಲು ಬರುವುದಿಲ್ಲ.

ಫ್ಲ್ಯಾಟ್‌ನಲ್ಲಿ ಕೂತು ಅಳೆದರೆ?

ವಿಸ್ತೀರ್ಣ ಅಳೆಯುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಉಪಗ್ರಹ ಚಿತ್ರದ ಮೇಲೆ ಬೆರಳಿನಿಂದ ಮೂಲೆಗಳನ್ನು ಒತ್ತುತ್ತ ಹೋಗುವುದು ಒಂದು. ಫೋನ್ ಹಿಡಿದು ಹೊಲದ ಸುತ್ತ ನಡೆಯುವುದು ಇನ್ನೊಂದು. ಮೊದಲನೆಯದನ್ನು ಘಣಸೋಲಿಯಲ್ಲಿ ಕೂತೇ ಮಾಡಬಹುದು. ನಾನು ಅದನ್ನೂ ಮಾಡಿ, ಊರಲ್ಲಿ ತಮ್ಮ ನಡೆದು ಅಳೆದದ್ದರ ಜೊತೆ ಹೋಲಿಸಿದೆ. ಚಿತ್ರದ ಮೇಲೆ ಬಂದದ್ದು 4.37 ಎಕರೆ. ತಮ್ಮ ಬದುವಿನ ಮೇಲೆ ನಡೆದಾಗ ಬಂದದ್ದು 4.21.

4.37 ಎಂದರೆ 4 ಎಕರೆ 15 ಗುಂಟೆ. ಪಹಣಿಯ ಒಟ್ಟು ವಿಸ್ತೀರ್ಣಕ್ಕಿಂತ ಮೂರು ಗುಂಟೆ ಹೆಚ್ಚು. ಹಾಗೆ ಹೆಚ್ಚು ಬಂದರೆ ಗೆರೆ ಎಲ್ಲೋ ಪಕ್ಕದವರ ಹೊಲಕ್ಕೆ ಹೋಗಿದೆ ಎಂದು ಮೊದಲು ಅನುಮಾನಿಸಬೇಕು. ಚಿತ್ರ ಹಳೆಯದಿರಬಹುದು, ಬದು ಯಾವುದು ಕಾಲುದಾರಿ ಯಾವುದು ಎಂದು ಮೇಲಿನಿಂದ ಗೊತ್ತಾಗದಿರಬಹುದು. ನಮ್ಮಲ್ಲಿ ಆದದ್ದು ಇದೇ: ಬದುವಿನಾಚೆಯ ಕಾಲುದಾರಿ ಚಿತ್ರದಲ್ಲಿ ಬದುವಿನಂತೆಯೇ ಕಾಣುತ್ತಿತ್ತು. ಹಾಗಾಗಿ ಚಿತ್ರದ ಅಳತೆ ಹೊಲ ಗುರುತಿಸಲು ಸಾಕು, ಫಾರ್ಮ್‌ಗೆ ಸಾಲದು.

ನಡೆಯುವ ಮೊದಲು ಸರಿಯಾದ ಹೊಲದಲ್ಲೇ ಇದ್ದೇವೆ ಎಂದು ಖಚಿತಪಡಿಸಿಕೊಳ್ಳಲು ಕರ್ನಾಟಕ ಸರ್ಕಾರದ ‘ದಿಶಾಂಕ್’ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದರ ಗೆರೆಗಳು ನೆಲದ ಬದುವಿಗೆ ಕೆಲವು ಮೀಟರ್ ಆಚೀಚೆ ಕಂಡರೆ ಗಾಬರಿ ಬೇಡ. ನಂಬರ್ ನೋಡಲಷ್ಟೇ ಬಳಸಿ.

ನಡೆದು ಅಳೆಯುವ ಬಗೆ

ಫೋನಿನ ಜಿಪಿಎಸ್ ಬಯಲಲ್ಲಿ ಸುಮಾರು ಐದು ಮೀಟರ್ ಒಳಗಿನ ನಿಖರತೆ ಕೊಡುತ್ತದೆ. ಘಣಸೋಲಿಯ ಬಹುಮಹಡಿ ಕಟ್ಟಡಗಳ ನಡುವೆ ನಿಂತರೆ ಅದೇ ಫೋನಿನ ನೀಲಿ ಚುಕ್ಕೆ ರಸ್ತೆಯ ಈ ಬದಿಯಿಂದ ಆ ಬದಿಗೆ ಜಿಗಿಯುವುದನ್ನು ನೋಡಿರುತ್ತೀರಿ. ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಹಾಗಾಗುತ್ತದೆ. ಊರ ಹೊಲದಲ್ಲಿ ಗೋಡೆ ಇಲ್ಲ, ಆದರೆ ಬದುವಿನ ಮೇಲೆ ಬೇವಿನ ಮರ ಇರುತ್ತದೆ. ‘ಅಣ್ಣಾ, ಗಿಡದ ಬುಡಕ್ಕ ಬಂದ ಕೂಡ್ಲೆ ಗೆರಿ ಜಿಗಿಲಾಕತ್ತದ’ ಎಂದು ತಮ್ಮ ಫೋನಿನಲ್ಲೇ ಹೇಳಿದ. ಅಲ್ಲಿ ಗೆರೆ ಮುಳ್ಳಿನಂತೆ ಹೊರಕ್ಕೆ ಚಾಚಿತ್ತು, ವಿಸ್ತೀರ್ಣ 4.33 ಆಗಿತ್ತು. ಆ ಒಂದು ಚುಕ್ಕೆ ಅಳಿಸಿ, ಮರದ ಎರಡೂ ಬದಿಯ ಬಯಲಲ್ಲಿ ಚುಕ್ಕೆ ಇಟ್ಟಾಗ 4.21ಕ್ಕೆ ಇಳಿಯಿತು.

ಐದು ಮೀಟರ್ ತಪ್ಪಿದರೆ ಅಳತೆಯೇ ಕೆಟ್ಟಿತಲ್ಲ ಎನಿಸಬಹುದು. ಹಾಗಲ್ಲ. ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ನಾಲ್ಕು ಮೀಟರ್ ಸರಿದರೆ ಇಡೀ ಹೊಲವೇ ನಕಾಶೆಯಲ್ಲಿ ಸರಿಯುತ್ತದೆ, ವಿಸ್ತೀರ್ಣ ಬದಲಾಗುವುದಿಲ್ಲ. ಕೆಡಿಸುವುದು ಒಂದೊಂದು ಚುಕ್ಕೆ ಒಂದೊಂದು ಕಡೆ ಜಿಗಿಯುವುದು. ಅದಕ್ಕೇ ಶುರು ಮಾಡುವ ಮೊದಲು ಬಯಲಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲಬೇಕು. ನೀಲಿ ಚುಕ್ಕೆಯ ಸುತ್ತಲಿನ ತಿಳಿ ವೃತ್ತ ಚಿಕ್ಕದಾಗಿ ಸ್ಥಿರವಾಗುವವರೆಗೆ. ಪ್ರತಿ ಮೂಲೆಯಲ್ಲೂ ಅರ್ಧ ನಿಮಿಷ ನಿಂತು ಚುಕ್ಕೆ ಇಡಬೇಕು. ಬದು ವಾರೆಯಾದಲ್ಲಿ ನಡುವೆಯೂ ಒಂದೆರಡು ಇಡಬೇಕು.

ಫೋನಿನ ಎರಡು ಸೆಟ್ಟಿಂಗ್ ಮೊದಲೇ ನೋಡಿಕೊಳ್ಳಿ. ಲೊಕೇಶನ್ ಅನುಮತಿಯಲ್ಲಿ `Use precise location` ಆನ್ ಇರಬೇಕು; ಇಲ್ಲದಿದ್ದರೆ ಆ್ಯಪ್‌ಗೆ ಸಿಗುವುದು ಅಂದಾಜು ಜಾಗ ಮಾತ್ರ. ಬ್ಯಾಟರಿ ಸೇವರ್ ಆಫ್ ಇರಬೇಕು. ನಡೆಯುತ್ತ ತಾನೇ ದಾಖಲಿಸುವ ಕ್ರಮದಲ್ಲಿ, ಸ್ಕ್ರೀನ್ ಆರಿದ ಮೇಲೆ ದಾಖಲಾತಿ ನಿಂತು, ಮತ್ತೆ ಬೆಳಗಿದಾಗ ಅಲ್ಲಿಂದ ಇಲ್ಲಿಗೆ ನೇರ ಗೆರೆ ಎಳೆದುಬಿಡುವುದುಂಟು. ಬದು ಸೊಟ್ಟಗಿದ್ದು ಗೆರೆ ನೆಟ್ಟಗಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ. ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಹಿನ್ನೆಲೆಯ ಚಿತ್ರ ಕಾಣದು, ಅಳತೆ ಮಾತ್ರ ನಡೆಯುತ್ತದೆ.

ಎಲ್ಲಿ ನಡೆಯಬೇಕು ಎಂಬುದೂ ಮುಖ್ಯ. ಒಟ್ಟು ಹೊಲಕ್ಕೆ ಬದುವಿನ ಮೇಲೆ, ಬಾಂದು ಕಲ್ಲಿನಿಂದ ಬಾಂದು ಕಲ್ಲಿಗೆ. ಬೆಳೆಗೆ ಬಿತ್ತಿದ ಕೊನೆಯ ಸಾಲಿನ ಗುಂಟ. ಇವೆರಡನ್ನು ಬೆರೆಸಬಾರದು. ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು 64 ಮೀಟರ್. ನಾಲ್ಕೂ ಕಡೆ ಎರಡೆರಡು ಮೀಟರ್ ಒಳಗೆ ನಡೆದರೆ ಐದು ಗುಂಟೆಯಷ್ಟು ಕಡಿಮೆ ತೋರಿಸುತ್ತದೆ.

ತಮ್ಮ ಕೊನೆಗೆ ಉಲ್ಟಾ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿದ. 4.18 ಬಂತು. ವ್ಯತ್ಯಾಸ 0.03 ಎಕರೆ, ಒಂದು ಗುಂಟೆಗಿಂತ ತುಸು ಹೆಚ್ಚು. ಈ ಗಾತ್ರದ ಹೊಲಕ್ಕೆ ಎರಡು ಸುತ್ತಿನ ನಡುವೆ ನಾಲ್ಕೈದು ಗುಂಟೆ ಅಂತರ ಬಂದರೆ ಮೂರನೇ ಸುತ್ತು ಹಾಕುವುದು ಒಳ್ಳೆಯದು.

ಚುಕ್ಕೆಯೋ ಗೀಟೋ

ಬೆಳೆವಾರು ಅಳತೆ ಹೀಗೆ ಬಂತು: ತೊಗರಿ 2.88 ಎಕರೆ, ಹೆಸರು 1.08 ಎಕರೆ. ಹೆಚ್ಚು ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆ್ಯಪ್‌ನ ಚುಕ್ಕೆಯ ನಂತರದ್ದು ಎಕರೆಯ ನೂರನೇ ಭಾಗ. ಪಹಣಿಯ ಗೀಟಿನ ನಂತರದ್ದು ಗುಂಟೆ, ಎಕರೆಗೆ ನಲವತ್ತು. ಚುಕ್ಕೆಯ ನಂತರದ ಭಾಗವನ್ನು 40ರಿಂದ ಗುಣಿಸಿದರೆ ಗುಂಟೆ ಸಿಗುತ್ತದೆ:

```
2.88 → 0.88 × 40 = 35.2 → 2-35
1.08 → 0.08 × 40 =  3.2 → 1-03
```

ಎರಡೂ ಕೂಡಿದರೆ 3-38. ಪಹಣಿಯ 4-06ರ ಒಳಗೇ ಇದೆ. ಆ್ಯಪ್‌ನ ಒಟ್ಟು 4.21, ಅಂದರೆ 4-08, ಅದರಲ್ಲಿ ಬಿತ್ತದೆ ಉಳಿದದ್ದು 10 ಗುಂಟೆ: ಹಳ್ಳದ ದಂಡೆ ಆರು, ಬಾವಿ, ಬಣವೆ ಜಾಗ, ಬೇವಿನ ನೆರಳು ಸೇರಿ ನಾಲ್ಕು. ಪಹಣಿ, ಫೋನು, ಕಣ್ಣಳತೆ ಮೂರೂ ಒಂದಕ್ಕೊಂದು ಹೊಂದಿದ ಮೇಲೆ ಅಪ್ಪನೂ ಒಪ್ಪಿದರು.

ಈಗ 2-35 ಅನ್ನು ಯಾರೋ ದಶಮಾಂಶದ ಕಾಲಂನಲ್ಲಿ 2.35 ಎಂದು ತುಂಬಿದರೆ? ಅದು 2 ಎಕರೆ 14 ಗುಂಟೆ ಮಾತ್ರ. 21 ಗುಂಟೆ ಹೋಯಿತು. ಲೆಕ್ಕಕ್ಕೆಂದು ಹೆಕ್ಟೇರಿಗೆ 50,000 ರೂಪಾಯಿ ವಿಮಾ ಮೊತ್ತ ಹಿಡಿಯಿರಿ. ಮುಂಗಾರಿನ ತೊಗರಿಗೆ ರೈತರ ಕಂತು ಶೇ 2. ಆ ಒಂದು ಚುಕ್ಕೆಯಿಂದ ಕಂತಿನಲ್ಲಿ 212 ರೂಪಾಯಿ ಉಳಿಯುತ್ತದೆ, ವಿಮೆಯ ಮೊತ್ತದಲ್ಲಿ ಸುಮಾರು 10,600 ರೂಪಾಯಿ ಹೋಗುತ್ತದೆ. ಹಾಗೆಯೇ 1.08 ಅನ್ನು ‘ಒಂದು ಎಕರೆ ಎಂಟು ಗುಂಟೆ’ ಎಂದು ಓದಿದರೆ ಇಲ್ಲದ ಐದು ಗುಂಟೆ ಸೇರಿಕೊಳ್ಳುತ್ತದೆ. ಕಂಪ್ಯೂಟರಿನ ಮುಂದೆ ಕೂತವರಿಗೆ ‘ಎಕರೆ ಬಾಕ್ಸ್, ಗುಂಟೆ ಬಾಕ್ಸ್ ಬೇರೆ ಇದೆಯೋ, ಹೆಕ್ಟೇರ್ ಕೇಳುತ್ತಿದೆಯೋ’ ಎಂದು ಕೇಳಿ. ಹೆಕ್ಟೇರ್ ಆದರೆ ಎಕರೆಯನ್ನು 2.471ರಿಂದ ಭಾಗಿಸಬೇಕು, 2.88 ಎಕರೆ 1.17 ಹೆಕ್ಟೇರ್.

ಇಲ್ಲಿನ ಮರಾಠಿ ಗೆಳೆಯರಿಗೆ ಈ ತೊಡಕು ಅರ್ಥವಾಗುವುದಿಲ್ಲ. ಅವರ ಸಾತ್‌ಬಾರಾದಲ್ಲಿ ಹೆಕ್ಟೇರ್ ಮತ್ತು ಆರ್ ಇರುತ್ತದೆ. ನೂರು ಆರ್‌ಗೆ ಒಂದು ಹೆಕ್ಟೇರ್ ಆದ್ದರಿಂದ ಅಲ್ಲಿ 1.17ನ್ನು ಹೇಗೆ ಓದಿದರೂ ಒಂದೇ. ನಮ್ಮ ಗುಂಟೆ 33 ಅಡಿಗೆ 33 ಅಡಿಯ ಚೌಕ, 101 ಚದರ ಮೀಟರ್. ಅವರ ಆರ್ 100 ಚದರ ಮೀಟರ್. ಅಳತೆ ಹೆಚ್ಚುಕಡಿಮೆ ಒಂದೇ, ಎಣಿಸುವ ಬಗೆ ಬೇರೆ.

ಅಳತೆಯ ಮಿತಿ, ಮುಂದಿನ ಉಪಯೋಗ

ಆ್ಯಪ್‌ನ ಗೆರೆ ಗಡಿಗೆ ಸಾಕ್ಷಿಯಲ್ಲ. ಪಕ್ಕದವರು ಎರಡು ಸಾಲು ಒತ್ತಿದ್ದಾರೆ ಎಂಬ ಅನುಮಾನವನ್ನು ಐದು ಮೀಟರ್ ನಿಖರತೆಯ ಫೋನು ಬಗೆಹರಿಸಲಾರದು. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೇಯರ್ ಕೈಯಲ್ಲಿ ಅಳೆಸುವುದೇ ದಾರಿ. ಫೋನಿನ ಸ್ಕ್ರೀನ್‌ಶಾಟ್ ಹಿಡಿದು ಬದುವಿನ ಮೇಲೆ ಜಗಳಕ್ಕೆ ನಿಲ್ಲಬೇಡಿ ಎಂದು ಊರಲ್ಲಿರುವವರಿಗೆ ಮೊದಲೇ ಹೇಳಿಡಿ.

ಆದರೆ ಉಳಿಸಿಟ್ಟ ಅಳತೆ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ. ಆಲಿಕಲ್ಲು ಬಿದ್ದಂಥ ಸ್ಥಳೀಯ ವಿಕೋಪದಲ್ಲಿ ಹೊಲವಾರು ಪರಿಶೀಲನೆ ನಡೆಯುತ್ತದೆ, 72 ಗಂಟೆಯೊಳಗೆ ದೂರು ಕೊಡಬೇಕು. ಆಗ ಸರ್ವೆ ನಂಬರ್, ಬೆಳೆ, ಹಾನಿಯಾದ ವಿಸ್ತೀರ್ಣ ಹೇಳಬೇಕಾಗುತ್ತದೆ. ಹಾಗಾಗಿ ಅಳತೆಯನ್ನು ಸರ್ವೆ ನಂಬರ್, ಬೆಳೆ, ತಾರೀಖು ಸೇರಿಸಿ ಹೆಸರು ಕೊಟ್ಟು ಉಳಿಸಿ. ಬಾಂದು ಕಲ್ಲುಗಳ ಫೋಟೊ ಜೊತೆಗಿಡಿ. ಊರಿನ ಫೋನಿನಲ್ಲೊಂದು, ನಿಮ್ಮ ಫೋನಿನಲ್ಲೊಂದು ಪ್ರತಿ ಇರಲಿ. ವಿಮೆಯ ರಸೀದಿ ಬಂದ ದಿನವೇ ಅದರಲ್ಲಿನ ವಿಸ್ತೀರ್ಣವನ್ನು ಈ ಅಳತೆಯ ಪಕ್ಕ ಇಟ್ಟು ಓದಿ. ಚುಕ್ಕೆ ತಪ್ಪಿದ್ದರೆ ನೋಂದಣಿಯ ಕೊನೆಯ ದಿನಾಂಕದೊಳಗೆ ಸರಿಪಡಿಸುವುದು ಸುಲಭ. ಸಮೀಕ್ಷೆ, ಕಟಾವು ಎಲ್ಲ ಮುಗಿದ ಮೇಲೆ ಅದೇ ಚುಕ್ಕೆಯ ಹಿಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.