ಹಬ್ಬದ ಬ್ಲೌಸ್‌ಗೆ ಕೊನೆಯ ದಿನ ಯಾವುದು?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಯಾವ ಬೊಟಿಕ್‌ಗೆ ಹೋದರೂ ಕೇಳಿಬರುವ ಮಾತು ಒಂದೇ. 'ಒಂದೇ ಒಂದು ಬ್ಲೌಸ್ ಅಲ್ವಾ ಅಕ್ಕಾ, ಹೇಗಾದ್ರೂ ಮಾಡಿ ಕೊಡಿ.' ಕೇಳುವವರ ಕೈಯಲ್ಲಿ ಹೊಸ ರೇಷ್ಮೆ ಸೀರೆ. ಹೇಳಿಸಿಕೊಳ್ಳುವವರ ಹಿಂದೆ ಇನ್ನೂ ಕತ್ತರಿಸದ ಬಟ್ಟೆಗಳ ರಾಶಿ. ಈ ಇಕ್ಕಟ್ಟನ್ನು ತಪ್ಪಿಸಲೆಂದೇ ಅಂಗಡಿಯವರು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಮೊದಲೇ ಒಂದು ಪ್ರಕಟಣೆ ಹಾಕುತ್ತಾರೆ. 'ಹಬ್ಬದ ಆರ್ಡರ್ ಬೇಗ ಕೊಡಿ, ಸ್ಲಾಟ್ ಕಡಿಮೆ ಇದೆ' ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಬೇಗ ಎಂದರೆ ಯಾವಾಗ? ಅದಕ್ಕೆ ಉತ್ತರ ಬೇಕಾದರೆ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

2025ರ ಹಬ್ಬವನ್ನೇ ತೆಗೆದುಕೊಳ್ಳೋಣ. ಅದು ಬಂದದ್ದು ಆಗಸ್ಟ್ 8, ಶುಕ್ರವಾರ. ಇಬ್ಬರು ಟೈಲರ್, ಒಬ್ಬ ಕಟಿಂಗ್ ಮಾಸ್ಟರ್, ಒಂದು ಆರಿ ಮಗ್ಗ ಇರುವ ಸಣ್ಣ ಬೊಟಿಕ್ ಎಂದು ಊಹಿಸಿಕೊಳ್ಳಿ. ಗುರುವಾರ ಮನೆಯಲ್ಲಿ ಕಳಶ, ಹೂವು, ತಿಂಡಿಗಳ ಗಡಿಬಿಡಿ. ಹಾಗಾಗಿ ಬುಧವಾರ ಸಂಜೆಯೊಳಗೆ ಬಟ್ಟೆ ಮನೆ ಸೇರಬೇಕು. ತೋಳು ಬಿಗಿಯಾಯಿತು, ಭುಜ ಜಾರುತ್ತದೆ ಎಂಬ ದೂರುಗಳನ್ನು ಸರಿಪಡಿಸಲು ಎರಡು ದಿನ ಬೇಕು. ಆದ್ದರಿಂದ ಟ್ರಯಲ್ ಆಗಸ್ಟ್ 3 ಮತ್ತು 4ರಂದು, ಭಾನುವಾರ ಮತ್ತು ಸೋಮವಾರ. ಅಂದರೆ ಎಲ್ಲ ಹೊಲಿಗೆಯೂ ಶನಿವಾರ, ಆಗಸ್ಟ್ 2ರೊಳಗೆ ಮುಗಿದಿರಬೇಕು.

ಲೈನಿಂಗ್ ಹಾಕಿದ ಬ್ಲೌಸ್‌ಗಳನ್ನು ಒಬ್ಬ ಟೈಲರ್ ದಿನಕ್ಕೆ ಮೂರು ಹೊಲಿಯುತ್ತಾರೆ ಎಂದಿಟ್ಟುಕೊಂಡರೆ, ಇಬ್ಬರಿಂದ ಆರು. ಜುಲೈ 28ರಿಂದ ಶನಿವಾರದವರೆಗೆ ಆರು ದಿನ ಸಿಕ್ಕರೂ 29ರಂದು ನಾಗರ ಪಂಚಮಿ, ಅಂದು ಕೆಲಸವಿಲ್ಲ. ಉಳಿದ ಐದು ದಿನದಲ್ಲಿ ಮೂವತ್ತು ಬ್ಲೌಸ್. ಕರೆಂಟ್ ಹೋಗುವುದು, ಟೈಲರ್‌ಗೆ ಜ್ವರ ಬರುವುದು, ಅಳತೆ ತಪ್ಪಿ ಬಿಚ್ಚಿ ಹೊಲಿಯುವುದು ಇದ್ದದ್ದೇ. ಅದಕ್ಕೆಂದು ಐದನ್ನು ಬಿಟ್ಟು ಇಪ್ಪತ್ತೈದಕ್ಕಷ್ಟೇ ಮಾತು ಕೊಡಬೇಕು. 'ಒಂದೇ ಒಂದು' ಎಂದು ಕೇಳುವವರಿಗೆ ಕಾಣದ ಲೆಕ್ಕ ಇದು. ಇಪ್ಪತ್ತಾರನೆಯದನ್ನು ಒಪ್ಪಿಕೊಂಡರೆ, ಮೊದಲೇ ಕೊಟ್ಟವರ ಬಟ್ಟೆ ಕೆಟ್ಟಾಗ ಸರಿಪಡಿಸಲು ಇಟ್ಟುಕೊಂಡ ಹೊತ್ತಿಗೆ ಕತ್ತರಿ ಬೀಳುತ್ತದೆ. ಹೆಚ್ಚು ದುಡ್ಡು ತೆಗೆದುಕೊಂಡು 'ಅರ್ಜೆಂಟ್' ಒಪ್ಪಿಕೊಳ್ಳುವ ಪದ್ಧತಿ ನನಗೆ ಸರಿಕಾಣದಿರುವುದು ಇದೇ ಕಾರಣಕ್ಕೆ.

ಹೊಲಿಗೆಗೆ ಮುಂಚೆ ಹತ್ತಿಯ ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಬೇಕು. ಈ ಕೆಲಸ ಬಿಟ್ಟರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟಿ ನಿಲ್ಲುತ್ತದೆ. ಮಳೆಗಾಲದಲ್ಲಿ ಒಣಗಲು ಒಂದು ದಿನ ಸಾಲದು. ಆದ್ದರಿಂದ ಸಾದಾ ಬ್ಲೌಸ್‌ನ ಬಟ್ಟೆ ಶುಕ್ರವಾರ, ಜುಲೈ 25ರ ಸಂಜೆಗಾದರೂ ಅಂಗಡಿ ಸೇರಬೇಕು.

ಆರಿ ವರ್ಕ್‌ನ ಲೆಕ್ಕ ಬೇರೆ. ಇದರಲ್ಲಿ ಕಸೂತಿ ಮೊದಲು, ಕತ್ತರಿ ಆಮೇಲೆ. ಇಡೀ ಬ್ಲೌಸ್ ಪೀಸ್ ಮೇಲೆ ಕತ್ತು, ತೋಳಿನ ಅಳತೆ ಗುರುತು ಹಾಕಿ, ವಿನ್ಯಾಸವನ್ನು ಇಳಿಸಿ, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೊಕ್ಕೆಸೂಜಿಯಿಂದ ಮಣಿ, ಜರಿ ಕೂರಿಸುತ್ತಾರೆ. ಹಾಗಾಗಿ ಕತ್ತಿನ ಆಕಾರ ಮೊದಲ ದಿನವೇ ನಿರ್ಧಾರವಾಗಬೇಕು. ಕೆಲಸ ಶುರುವಾದ ಮೇಲೆ 'ಹಿಂದೆ ಇನ್ನೂ ಸ್ವಲ್ಪ ಆಳ ಇರಲಿ' ಎಂದರೆ ಹಾಕಿದ ಮಣಿಯನ್ನೆಲ್ಲ ಬಿಚ್ಚಬೇಕು, ಸೂಜಿ ಚುಚ್ಚಿದ ಗುರುತು ರೇಷ್ಮೆಯ ಮೇಲೆ ಉಳಿದುಬಿಡುತ್ತದೆ.

ಕತ್ತು, ತೋಳಿಗೆ ಸಾಧಾರಣ ಕೆಲಸವಿದ್ದರೆ ಈ ಮಗ್ಗದಲ್ಲಿ ದಿನಕ್ಕೆ ಒಂದು ಬ್ಲೌಸ್ ಮುಗಿಯುತ್ತದೆ ಎನ್ನೋಣ. ಇಪ್ಪತ್ತೈದರಲ್ಲಿ ಹತ್ತು ಆರಿಯವು. ಅವು ಟೈಲರ್ ಕೈಗೆ ಬರಬೇಕಾದ್ದು ಜುಲೈ 30ರೊಳಗೆ. ಭಾನುವಾರಗಳನ್ನೂ ಪಂಚಮಿಯನ್ನೂ ಬಿಟ್ಟು ಹತ್ತು ಕೆಲಸದ ದಿನ ಹಿಂದಕ್ಕೆ ಎಣಿಸಿದರೆ ಜುಲೈ 18 ಸಿಗುತ್ತದೆ. ಅಂದು ಬೆಳಿಗ್ಗೆ ಮೊದಲ ಬಟ್ಟೆ ಮಗ್ಗ ಏರದಿದ್ದರೆ ಹತ್ತರಲ್ಲಿ ಒಂದು ತಪ್ಪಿದಂತೆ. ಆದ್ದರಿಂದ ಆರಿ ವರ್ಕ್‌ಗೆ ಕೊನೆಯ ದಿನ ಗುರುವಾರ, ಜುಲೈ 17.

ಆ ವರ್ಷ ಆಷಾಢ ಮುಗಿದದ್ದು ಜುಲೈ 24ರ ಭೀಮನ ಅಮಾವಾಸ್ಯೆಗೆ. ಆಷಾಢದ ರಿಯಾಯಿತಿಯಲ್ಲಿ ಸೀರೆ ಕೊಂಡು, ಶ್ರಾವಣ ಬಂದ ಮೇಲೆ ಹೊಲಿಯಲು ಕೊಡೋಣ ಎಂದು ಬೀರುವಿನಲ್ಲಿಟ್ಟವರಿಗೆ ಆರಿ ವರ್ಕ್‌ನ ದಿನ ಅದಾಗಲೇ ದಾಟಿಹೋಗಿತ್ತು. ಆಷಾಢದಲ್ಲಿ ಮದುವೆಗಳಿಲ್ಲದೆ ಟೈಲರ್‌ಗಳ ಕೈ ತುಸು ಬಿಡುವಾಗಿರುತ್ತದೆ. ಪ್ರಕಟಣೆ ಹೊರಡಬೇಕಾದ್ದು ಆಗಲೇ, ಆಷಾಢದ ಮೊದಲ ವಾರದಲ್ಲೇ.

ಈ ಲೆಕ್ಕ ಕೈಯಲ್ಲಿದ್ದರೆ ಬರೆಯುವುದು ಕಷ್ಟವಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

'ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್: ಆರಿ ವರ್ಕ್‌ಗೆ ಜುಲೈ 17, ಗುರುವಾರ, ಸಾದಾ ಬ್ಲೌಸ್‌ಗೆ ಜುಲೈ 25, ಶುಕ್ರವಾರ. ಎರಡೂ ದಿನ ಸಂಜೆ 7 ಗಂಟೆವರೆಗೆ.

ಬಟ್ಟೆ, ಅಳತೆ ಮತ್ತು ಮುಂಗಡ ಮೂರೂ ನಮ್ಮ ಕೈ ಸೇರಿದ ಮೇಲೆ ಆರ್ಡರ್ ಖಾತ್ರಿ. ಆರಿ ವರ್ಕ್ 10, ಸಾದಾ 15 ಮಾತ್ರ ತೆಗೆದುಕೊಳ್ಳುತ್ತೇವೆ. ಭರ್ತಿಯಾದರೆ ಮೊದಲೇ ತಿಳಿಸುತ್ತೇವೆ. ಟ್ರಯಲ್ ಆಗಸ್ಟ್ 3 ಮತ್ತು 4. ಬಟ್ಟೆ ಕೊಡುವುದು ಆಗಸ್ಟ್ 6, ಬುಧವಾರ.

ಫಾಲ್ಸ್, ಜಿಗ್‌ಜಾಗ್‌ಗೆ ಆಗಸ್ಟ್ 1ರವರೆಗೂ ಸೀರೆ ತರಬಹುದು. ಈ ದಿನಗಳು ತಪ್ಪಿದರೆ ಬೇಸರ ಬೇಡ, ಆಗಸ್ಟ್ 26ರ ಗೌರಿ ಹಬ್ಬಕ್ಕೆ ಈಗಲೇ ಹೆಸರು ಬರೆಸಿ. ಎಲ್ಲರ ಬಟ್ಟೆಯನ್ನೂ ಅವಸರವಿಲ್ಲದೆ ಹೊಲಿದುಕೊಡಬೇಕೆಂಬುದು ನಮ್ಮ ಆಸೆ, ದಯವಿಟ್ಟು ಸಹಕರಿಸಿ.'

ಇಲ್ಲಿ ದಿನಾಂಕಗಳು ಮೊದಲ ಸಾಲಿನಲ್ಲೇ ಇವೆ. ಇನ್‌ಸ್ಟಾಗ್ರಾಮ್‌ನಲ್ಲಿ ಬರಹದ ಆರಂಭವಷ್ಟೇ ಕಾಣುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ಶುಭಾಶಯ ಮೇಲಿಟ್ಟು ದಿನಾಂಕವನ್ನು ಕೆಳಗಿಟ್ಟರೆ ಅರ್ಧ ಜನ ಓದುವುದಿಲ್ಲ. ವಾಟ್ಸ್ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುವುದರಿಂದ ಅದನ್ನು ಮತ್ತೆ ಮತ್ತೆ ಹಾಕಬೇಕು. ವಾರದ ಹೆಸರು ಜೊತೆಗಿದ್ದರೆ ನೆನಪಿಡುವುದು ಸುಲಭ, ದಿನಾಂಕ ತಪ್ಪಿ ಬಿದ್ದಿದ್ದರೂ ಕಣ್ಣಿಗೆ ಬೀಳುತ್ತದೆ.

ಜಗಳ ಹೆಚ್ಚು ಹುಟ್ಟುವುದು ಖಾತ್ರಿಯ ಮಾತಿನಲ್ಲಿ. 'ನಾನು 15ಕ್ಕೇ ಮೆಸೇಜ್ ಮಾಡಿದ್ದೆನಲ್ಲ' ಎನ್ನುವವರು 20ಕ್ಕೆ ಬಟ್ಟೆ ತರುತ್ತಾರೆ. ಅವರ ಮನಸ್ಸಿನಲ್ಲಿ ಮೆಸೇಜ್ ಎಂದರೆ ಆರ್ಡರ್. ಅಂಗಡಿಯವರ ಪುಸ್ತಕದಲ್ಲಿ ಹಾಗಲ್ಲ. ಅದನ್ನು ಮೊದಲೇ ಬರೆದಿಟ್ಟರೆ ಯಾರೂ ಯಾರ ಮೇಲೂ ಮುನಿಸಿಕೊಳ್ಳಬೇಕಿಲ್ಲ. ಇಲ್ಲ ಎನ್ನುವ ಕಡೆ ಇನ್ನೊಂದು ದಾರಿ ತೋರಿಸುವುದೂ ಮುಖ್ಯ. 'ದಿನ ಮುಗಿದ ಮೇಲೆ ಕೇಳಬೇಡಿ' ಎಂದು ಬರೆದರೆ ವರ್ಷವಿಡೀ ಬರುವ ಗಿರಾಕಿಗೂ ಗದರಿದಂತಾಗುತ್ತದೆ. ಗೌರಿ ಹಬ್ಬದ ಹೆಸರೆತ್ತಿದರೆ ನಿಯಮವೂ ಉಳಿಯುತ್ತದೆ, ಬಂದವರೂ ಬರಿಗೈಲಿ ಹೋಗುವುದಿಲ್ಲ.

ಹೊಲಿಸುವವರಿಗೂ ಒಂದು ಮಾತು. ಸೀರೆ ಕೊಂಡ ವಾರದಲ್ಲೇ ಅಂಗಡಿಗೆ ಹೋಗಿ, ಅಲ್ಲೇ ಬ್ಲೌಸ್ ಪೀಸ್ ಬೇರ್ಪಡಿಸಿ ಕೊಡಿ. ಜೊತೆಗೆ ನಿಮಗೆ ಈಗ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸ್ ಇರಲಿ. ಬೇಕಾದ ಕತ್ತಿನ ಚಿತ್ರ ಒಂದೇ ಸಾಕು, ಹತ್ತು ಬೇಡ. ಟ್ರಯಲ್‌ಗೆ ಹೇಳಿದ ದಿನವೇ ಹೋಗಿ.