ಹೊಕ್ಕುಳಿನಿಂದ ಬಲಕ್ಕೆ ಇಳಿಯುವ ನೋವು

24 ವರ್ಷದ ಹುಡುಗನೊಬ್ಬ ಎಂದಿಟ್ಟುಕೊಳ್ಳೋಣ. ರಾತ್ರಿ ಊಟವಾದ ಮೇಲೆ ಹೊಕ್ಕುಳ ಸುತ್ತ ಸಣ್ಣಗೆ ನೋವು ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕೆಂದು ಅಮ್ಮ ಜೀರಿಗೆ ಕಷಾಯ ಕೊಟ್ಟರು. ಬೆಳಗಾಗುವಷ್ಟರಲ್ಲಿ ನೋವು ಹೊಕ್ಕುಳನ್ನು ಬಿಟ್ಟು ಹೊಟ್ಟೆಯ ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ನಿಂತಿತ್ತು. ತಿಂಡಿ ಬೇಡವೆಂದ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪ್ರತಿ ಹಂಪ್ ಬಂದಾಗಲೂ ಹೊಟ್ಟೆ ಒತ್ತಿ ಹಿಡಿದುಕೊಂಡ.

ನೋವು ಹೀಗೆ ಜಾಗ ಬದಲಿಸುವುದಕ್ಕೆ ಕಾರಣವಿದೆ. ದೊಡ್ಡ ಕರುಳಿನ ಆರಂಭಕ್ಕೆ ಬಾಲದಂತೆ ಅಂಟಿಕೊಂಡಿರುವ ಅಪೆಂಡಿಕ್ಸ್ ಊದಿಕೊಂಡಾಗ, ಅದರ ನರಗಳು ಮೊದಲು ಹೊಕ್ಕುಳ ಮಟ್ಟದ ನೋವೆಂದೇ ಮಿದುಳಿಗೆ ಸುದ್ದಿ ಕೊಡುತ್ತವೆ. ಉರಿಯೂತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆಯೇ ಬೆರಳಿಟ್ಟು ತೋರಿಸುವಂಥ ನೋವು ಬರುತ್ತದೆ. ಕುಲುಕಿದರೆ ನೋಯುವುದೂ ಆ ಪೊರೆಯಿಂದಲೇ.

ಆಲ್ಫ್ರೆಡೊ ಆಲ್ವರಾಡೊ ಎಂಬ ವೈದ್ಯರು 1986ರಲ್ಲಿ ಇಂಥ ಚಿಹ್ನೆಗಳಿಗೆ ಅಂಕ ಕೊಡುವ ಪದ್ಧತಿಯೊಂದನ್ನು ಪ್ರಕಟಿಸಿದರು. ಒಟ್ಟು 10 ಅಂಕ. ಹುಡುಗನದ್ದನ್ನು ಎಣಿಸೋಣ. ನೋವು ಜಾಗ ಬದಲಿಸಿದ್ದಕ್ಕೆ 1, ಹಸಿವಿಲ್ಲದ್ದಕ್ಕೆ 1. ಬಲಗಡೆ ಕೆಳಗೆ ಒತ್ತಿದರೆ ನೋಯುವುದಕ್ಕೆ 2. ಒತ್ತಿದ ಕೈಯನ್ನು ಥಟ್ಟನೆ ಎತ್ತಿದಾಗ ನೋವು ಚುಳ್ಳೆಂದದ್ದಕ್ಕೆ 1. ವಾಕರಿಕೆ ಇಲ್ಲ, ಜ್ವರ ಇಲ್ಲ, ಅವೆರಡರ ಅಂಕವೂ ಇಲ್ಲ. ರಕ್ತದಲ್ಲಿ ಬಿಳಿಕಣಗಳು 10,000 ದಾಟಿದ್ದರೆ 2 ಅಂಕ ಸಿಗುತ್ತಿತ್ತು, ಅವನಿಗಿದ್ದದ್ದು 9,600. ಬಿಳಿಕಣಗಳಲ್ಲಿ ನ್ಯೂಟ್ರೊಫಿಲ್ ಪ್ರಮಾಣ ಏರಿದ್ದರೆ ಸಿಗುವ ಕೊನೆಯ 1 ಅಂಕವೂ ಇಲ್ಲ. ಒಟ್ಟು 5.

ಎಡವುವುದು ಇಲ್ಲಿಯೇ. ಬ್ಲಡ್ ರಿಪೋರ್ಟ್ ನಾರ್ಮಲ್ ಎಂದು ಮನೆಗೆ ಹೊರಡುವವರಿದ್ದಾರೆ. ಆದರೆ ಆರಂಭದ ಗಂಟೆಗಳಲ್ಲಿ ಬಿಳಿಕಣ ಏರದೆಯೂ ಇರಬಹುದು. ಅಂಕ 4 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಪೆಂಡಿಸೈಟಿಸ್ ಇರುವ ಸಾಧ್ಯತೆ ತೀರಾ ಕಡಿಮೆ, 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. 5, 6 ಬಂದವರಿಗೆ ಸ್ಕ್ಯಾನಿಂಗ್ ಬೇಕೇ ಬೇಕು. ಯಾರನ್ನು ಇನ್ನೂ ಹತ್ತಿರದಿಂದ ನೋಡಬೇಕೆಂದು ಹೇಳುವುದು ಅಂಕದ ಕೆಲಸ, ರೋಗ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವುದಲ್ಲ. ಹೆಣ್ಣುಮಕ್ಕಳಲ್ಲಂತೂ ಅಂಡಾಶಯ ತಿರುಚಿಕೊಂಡರೂ ಗರ್ಭ ನಾಳದಲ್ಲಿ ನಿಂತರೂ ಬಲಗಡೆ ಇಂಥದೇ ನೋವು ಬರಬಹುದು. ಬರೀ ಅಂಕ ನೋಡಿ ಆಪರೇಷನ್‌ಗೆ ಒಪ್ಪುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಅಲ್ಟ್ರಾಸೌಂಡ್. ವೈದ್ಯರು ಪ್ರೋಬನ್ನು ನಿಧಾನವಾಗಿ ಒತ್ತುತ್ತಾ ಹೋಗುತ್ತಾರೆ. ಸಾಧಾರಣ ಕರುಳು ಒತ್ತಿದರೆ ಚಪ್ಪಟೆಯಾಗುತ್ತದೆ. ಊದಿದ ಅಪೆಂಡಿಕ್ಸ್ ಮಣಿಯುವುದಿಲ್ಲ, ಅದರ ಅಗಲವೂ ಸಾಮಾನ್ಯವಾಗಿ 6 ಮಿಲಿಮೀಟರ್ ಮೀರಿರುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ, ಮೈ ದಪ್ಪಗಿದ್ದರೆ ಅಪೆಂಡಿಕ್ಸ್ ಕಾಣದೆಯೂ ಹೋಗಬಹುದು. ‘ಅಪೆಂಡಿಕ್ಸ್ ಕಾಣಲಿಲ್ಲ’ ಎಂದು ರಿಪೋರ್ಟಿನಲ್ಲಿ ಬರೆದಿದ್ದರೆ ಅದನ್ನು ‘ಅಪೆಂಡಿಕ್ಸ್ ಸರಿಯಿದೆ’ ಎಂದು ಓದಿಕೊಳ್ಳಬಾರದು. ಆಗ ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಇಲ್ಲವೇ ಸಿಟಿ ಸ್ಕ್ಯಾನ್ ಮಾಡಿಸಬೇಕು. ಗರ್ಭಿಣಿಯರಿಗಾದರೆ ವಿಕಿರಣವಿಲ್ಲದ ಎಂಆರ್‌ಐ ಒಳ್ಳೆಯದು.

ಹುಡುಗನ ಅಪೆಂಡಿಕ್ಸ್ ಅಲ್ಟ್ರಾಸೌಂಡಿನಲ್ಲಿ ಕಾಣಲಿಲ್ಲ. ಸಿಟಿಯಲ್ಲಿ ಕಂಡಿತು: 10 ಮಿಲಿಮೀಟರ್ ಅಗಲ, ಒಡೆದಿಲ್ಲ, ಕೀವುಗಟ್ಟಿಲ್ಲ. ಆದರೆ ಅದರ ಬಾಯಲ್ಲಿ ಜೋಳದ ಕಾಳಿನಷ್ಟು ಗಟ್ಟಿಯಾದ ಮಲದ ಹರಳು ಸಿಕ್ಕಿಕೊಂಡಿತ್ತು. ವೈದ್ಯರು ಇದನ್ನು ಅಪೆಂಡಿಕೊಲಿತ್ ಎನ್ನುತ್ತಾರೆ.

ಆಪರೇಷನ್ನೋ ಆಂಟಿಬಯೋಟಿಕ್ಕೋ ಎಂಬ ಪ್ರಶ್ನೆಗೆ ಈ ಹರಳು ಬಹಳ ಮುಖ್ಯ. ಅಮೆರಿಕದ 25 ಆಸ್ಪತ್ರೆಗಳಲ್ಲಿ 1,552 ವಯಸ್ಕರ ಮೇಲೆ ನಡೆದ ಕೋಡಾ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಅರ್ಧ ಜನಕ್ಕೆ ಆಪರೇಷನ್, ಉಳಿದರ್ಧಕ್ಕೆ ಮೊದಲು ರಕ್ತನಾಳದ ಮೂಲಕ, ಆಮೇಲೆ ಮಾತ್ರೆಯಾಗಿ ಒಟ್ಟು 10 ದಿನ ಆಂಟಿಬಯೋಟಿಕ್. ಒಂದು ತಿಂಗಳ ನಂತರ ಎರಡೂ ಗುಂಪಿನವರ ಆರೋಗ್ಯ ಹೆಚ್ಚುಕಡಿಮೆ ಒಂದೇ ಆಗಿತ್ತು. ಔಷಧಿ ಪಡೆದವರು ಕೆಲಸಕ್ಕೆ ಬೇಗ ಮರಳಿದರು. ಆದರೆ ಅವರಲ್ಲಿ 90 ದಿನದೊಳಗೆ ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬಂದವರು ಹರಳಿಲ್ಲದವರಲ್ಲಿ ನೂರಕ್ಕೆ 25, ಹರಳಿದ್ದವರಲ್ಲಿ 41. ತೊಡಕುಗಳು ಹೆಚ್ಚಾಗಿ ಕಂಡದ್ದೂ ಹರಳಿದ್ದವರಲ್ಲೇ. ಹರಳಿರುವವರನ್ನು ಹೊರಗಿಟ್ಟು ನಡೆಸಿದ ಫಿನ್‌ಲೆಂಡಿನ ಅಧ್ಯಯನದಲ್ಲಿ ಔಷಧಿ ಪಡೆದವರ ಪೈಕಿ ಐದು ವರ್ಷದೊಳಗೆ ಸುಮಾರು 39 ಮಂದಿಗೆ ನೋವು ಮರುಕಳಿಸಿತು. ಉಳಿದ 61 ಮಂದಿ ಕತ್ತರಿ ಕಾಣಲೇ ಇಲ್ಲ. ಈ ಲೆಕ್ಕವೂ ನೂರಕ್ಕೆ.

ಹರಳಿಲ್ಲ, ಒಡೆದಿಲ್ಲ, ಗರ್ಭಿಣಿಯಲ್ಲ, ಆಸ್ಪತ್ರೆ ಹತ್ತಿರದಲ್ಲಿದೆ ಎನ್ನುವವರಿಗೆ ಔಷಧಿಯ ದಾರಿ ನಿಜವಾದ ಆಯ್ಕೆ. ನಮ್ಮ ಹುಡುಗನಿಗೆ ಸರ್ಜನ್ ಆಪರೇಷನ್ನನ್ನೇ ಹೇಳಿದರು, ನಾನಾಗಿದ್ದರೂ ಅದನ್ನೇ ಒಪ್ಪುತ್ತಿದ್ದೆ. ಮೂರು ಸಣ್ಣ ರಂಧ್ರಗಳ ಲ್ಯಾಪರೋಸ್ಕೋಪಿ ಮುಗಿಸಿ ಮರುದಿನ ಮನೆಗೆ ಬಂದ.

ಔಷಧಿ ಆರಿಸಿಕೊಂಡವರು ಸ್ಕ್ಯಾನ್ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಆ ನೋವು ಮತ್ತೆ ಬಂದ ದಿನ ಕಷಾಯ ಕುಡಿಯುತ್ತಾ ಕಾಯದೆ ಆ ರಿಪೋರ್ಟ್ ಹಿಡಿದು ನೇರ ಆಸ್ಪತ್ರೆಗೆ ಹೋಗಬೇಕು. ಜೋರಾಗಿದ್ದ ನೋವು ಇದ್ದಕ್ಕಿದ್ದಂತೆ ತಗ್ಗಿ, ಆಮೇಲೆ ಇಡೀ ಹೊಟ್ಟೆ ಹಲಗೆಯಂತೆ ಬಿಗಿಯಾದರೆ ವಾಸಿಯಾಯಿತೆಂದು ತಿಳಿಯಬಾರದು. ಅಪೆಂಡಿಕ್ಸ್ ಒಡೆದಾಗಲೂ ಹೀಗೇ ಆಗುತ್ತದೆ.