ಕಾಫಿ ತೋಟದೊಳಗೆ ದಾರಿ ಹುಡುಕುವ ಗಾಡಿ: ತಪ್ಪು ಕಲ್ಪನೆ ಮತ್ತು ಸತ್ಯ

ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವವರಿಗೆ ನಾಗರಹೊಳೆಯ ಕಾಡು ಹಿಂದೆ ಸರಿದು ಕಾಫಿ ತೋಟಗಳು ಎದುರಾಗುವುದು ತಿತಿಮತಿಯ ಆಸುಪಾಸಿನಲ್ಲಿ. ಇಲ್ಲಿನ ತೋಟ ಬಯಲಲ್ಲ. ರೋಬಸ್ಟಾ ಗಿಡಗಳ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು, ಆ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ಗೊಬ್ಬರದ ಮೂಟೆ ಹೊತ್ತು ಈ ಸಾಲುಗಳ ನಡುವೆ ತಾನೇ ಓಡಾಡುವ ಪುಟ್ಟ ಗಾಡಿಯೊಂದನ್ನು ಯಾರಾದರೂ ಕಟ್ಟಹೊರಟರೆ, ಅದು ‘ನಾನೀಗ ಎಲ್ಲಿದ್ದೇನೆ, ಯಾವ ಕಡೆ ಮುಖ ಮಾಡಿದ್ದೇನೆ’ ಎಂಬುದನ್ನು ಪ್ರತಿಕ್ಷಣ ತಿಳಿದಿರಬೇಕು.

ಅದಕ್ಕೆ ಸಾಮಾನ್ಯವಾಗಿ ಮೂರು ಉಪಕರಣಗಳನ್ನು ಜೋಡಿಸುತ್ತಾರೆ. ಚಕ್ರ ಎಷ್ಟು ಸುತ್ತಿತೆಂದು ಎಣಿಸುವ ಎನ್‌ಕೋಡರ್, ತಿರುಗುವಿಕೆಯನ್ನೂ ವೇಗದ ಬದಲಾವಣೆಯನ್ನೂ ಅಳೆಯುವ ಐಎಂಯು, ಉಪಗ್ರಹಗಳಿಂದ ಸ್ಥಾನ ತಿಳಿಸುವ ಜಿಪಿಎಸ್. ಮೂರರ ಮಾತನ್ನೂ ಒಟ್ಟಿಗೆ ಹೊಂದಿಸುವ ಗಣಿತದ ಹೆಸರು ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್, ಚಿಕ್ಕದಾಗಿ ಇಕೆಎಫ್. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ವಿಧಾನವನ್ನು, ಚಂದ್ರಯಾನದ ಅಪೊಲೊ ಯೋಜನೆಗಾಗಿ ನಾಸಾದ ಏಮ್ಸ್ ಕೇಂದ್ರದಲ್ಲಿ ಸ್ಟ್ಯಾನ್ಲಿ ಸ್ಮಿಟ್ ತಂಡ ರೇಖೀಯವಲ್ಲದ ಚಲನೆಗೂ ಒಗ್ಗುವಂತೆ ವಿಸ್ತರಿಸಿತು. ಹೆಸರಿನಲ್ಲಿರುವ ‘ಎಕ್ಸ್‌ಟೆಂಡೆಡ್’ ಬಂದದ್ದು ಹಾಗೆ. ಈ ಫಿಲ್ಟರ್ ಬಗ್ಗೆ ಕಲಿಯುವವರಲ್ಲಿ ಮತ್ತೆ ಮತ್ತೆ ಕಾಣುವ ಐದು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಚಕ್ರದ ಎಣಿಕೆ ಕರಾರುವಾಕ್ಕಾಗಿದ್ದರೆ ಗಾಡಿಯ ಸ್ಥಾನವೂ ಕರಾರುವಾಕ್ಕಾಗಿರುತ್ತದೆ

ಸತ್ಯ: ಎನ್‌ಕೋಡರ್ ಎಣಿಸುವುದು ಚಕ್ರದ ಸುತ್ತನ್ನು, ನೆಲದ ಮೇಲೆ ಸಾಗಿದ ದೂರವನ್ನಲ್ಲ. ಇವೆರಡರ ನಡುವೆ ಮಣ್ಣಿದೆ.

ಗಾಡಿಯ ಚಕ್ರದ ತ್ರಿಜ್ಯ 15 ಸೆಂಟಿಮೀಟರ್, ಎಡ–ಬಲ ಚಕ್ರಗಳ ನಡುವಿನ ಅಂತರ 60 ಸೆಂಟಿಮೀಟರ್ ಎಂದಿರಲಿ. ಮಳೆಗಾಲದಲ್ಲಿ ಬಲಚಕ್ರಕ್ಕೆ ಮಾತ್ರ 1.5 ಮಿಲಿಮೀಟರ್ ದಪ್ಪದ ಕೆಸರು ಮೆತ್ತಿಕೊಂಡಿತು. ತ್ರಿಜ್ಯದಲ್ಲಿ ಆದ ಬದಲಾವಣೆ ಕೇವಲ ಶೇಕಡಾ 1. ಎರಡೂ ಚಕ್ರ ಸಮನಾಗಿ ಸುತ್ತುತ್ತಿವೆ, ಹಾಗಾಗಿ ಎಣಿಕೆಯ ಪ್ರಕಾರ ಗಾಡಿ ನೇರವಾಗಿ ಹೋಗುತ್ತಿದೆ. ಆದರೆ 30 ಮೀಟರ್ ಸಾಗುವಷ್ಟರಲ್ಲಿ ಬಲಚಕ್ರ ಎಡಚಕ್ರಕ್ಕಿಂತ 30 ಸೆಂಟಿಮೀಟರ್ ಹೆಚ್ಚು ದೂರ ಉರುಳಿರುತ್ತದೆ. ಆ 30 ಸೆಂಟಿಮೀಟರನ್ನು ಚಕ್ರಗಳ ನಡುವಿನ 60ರಿಂದ ಭಾಗಿಸಿದರೆ ಅರ್ಧ ರೇಡಿಯನ್, ಅಂದರೆ ಸುಮಾರು 29 ಡಿಗ್ರಿ. ಗಾಡಿ ಅಷ್ಟು ಎಡಕ್ಕೆ ತಿರುಗಿ, ತಾನಿರಬೇಕಾದ ಜಾಗದಿಂದ ಏಳು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿದೆ. ರೋಬಸ್ಟಾ ಸಾಲುಗಳ ನಡುವೆ ಹತ್ತು ಅಡಿ ಬಿಟ್ಟಿದ್ದರೆ, ಅದು ಎರಡು ಸಾಲು ದಾಟಿ ಮೂರನೆಯದರತ್ತ ಹೊರಟಿದೆ.

ಚಕ್ರ ಜಾರದಿದ್ದರೆ ದೂರದ ಮಟ್ಟಿಗೆ ಎನ್‌ಕೋಡರ್ ನಂಬಿಕಸ್ಥ, ದಿಕ್ಕಿನ ಮಟ್ಟಿಗೆ ಅಲ್ಲ. ಆದ್ದರಿಂದ ವೇಗವನ್ನು ಚಕ್ರದಿಂದಲೂ, ತಿರುಗುವ ವೇಗವನ್ನು ಐಎಂಯು ಒಳಗಿನ ಜೈರೋದಿಂದಲೂ ಪಡೆಯುವುದು ರೂಢಿ.

ತಪ್ಪು ಕಲ್ಪನೆ 2: ಐಎಂಯು ಇದ್ದರೆ ದಿಕ್ಕಿನ ಚಿಂತೆ ಮುಗಿಯಿತು

ಸತ್ಯ: ಜೈರೋ ಹೇಳುವುದು ದಿಕ್ಕನ್ನಲ್ಲ, ದಿಕ್ಕು ಬದಲಾಗುವ ವೇಗವನ್ನು. ಆ ಅಳತೆಯಲ್ಲಿ ಸದಾ ಒಂದು ಸಣ್ಣ ಓರೆ ಇರುತ್ತದೆ. ಗಾಡಿ ಅಲುಗಾಡದೆ ನಿಂತಿದ್ದರೂ ಜೈರೋ ‘ಸೆಕೆಂಡಿಗೆ 0.1 ಡಿಗ್ರಿ ತಿರುಗುತ್ತಿದ್ದೇನೆ’ ಎಂದರೆ, ನಿಮಿಷಕ್ಕೆ 6 ಡಿಗ್ರಿ, ಹತ್ತು ನಿಮಿಷಕ್ಕೆ 60 ಡಿಗ್ರಿ ಸುಳ್ಳು ಕೂಡಿಕೊಳ್ಳುತ್ತದೆ.

ಈ ಓರೆಯನ್ನು ಒಮ್ಮೆ ಅಳೆದು ಕಳೆದುಬಿಟ್ಟರೆ ಸಾಲದು. ಬೆಳಗಿನ ಮಂಜಿನಲ್ಲಿದ್ದ ಓರೆ ಮಧ್ಯಾಹ್ನದ ಬಿಸಿಲಿಗೆ ಬದಲಾಗುತ್ತದೆ. ಅದಕ್ಕಾಗಿ ಫಿಲ್ಟರ್ ಓರೆಯನ್ನೂ ಒಂದು ಅಜ್ಞಾತ ಸಂಖ್ಯೆಯಾಗಿ ಜೊತೆಗಿಟ್ಟುಕೊಂಡು ಅಂದಾಜು ಮಾಡುತ್ತಲೇ ಇರುತ್ತದೆ. ನಮ್ಮ ಗಾಡಿಯ ಮಟ್ಟಿಗೆ ಅಜ್ಞಾತಗಳು ನಾಲ್ಕು: ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು, ಮುಖ ಯಾವ ಕಡೆ, ಜೈರೋದ ಓರೆ ಎಷ್ಟು. ಚಕ್ರದ ವೇಗ `v`, ಜೈರೋದ ಅಳತೆ `w`, ಓರೆ `b` ಆದರೆ ಮುಂದಿನ ಕ್ಷಣದ ಊಹೆ ಇಷ್ಟೇ:

```python
x += v * dt * cos(theta)
y += v * dt * sin(theta)
theta += (w - b) * dt
```

ಈ ಊಹೆ ನಡೆದಂತೆಲ್ಲ ಅನಿಶ್ಚಿತತೆಯೂ ಬೆಳೆಯುತ್ತದೆ. ಫಿಲ್ಟರ್ ಅದನ್ನೂ ಲೆಕ್ಕ ಇಡುತ್ತದೆ.

ತಪ್ಪು ಕಲ್ಪನೆ 3: ಫಿಲ್ಟರ್ ಮೂರೂ ಅಳತೆಗಳ ಸರಾಸರಿ ತೆಗೆಯುತ್ತದೆ

ಸತ್ಯ: ಸರಾಸರಿಯಲ್ಲಿ ಎಲ್ಲರಿಗೂ ಸಮಪಾಲು. ಇಲ್ಲಿ ಯಾರ ಮಾತು ಆ ಗಳಿಗೆಗೆ ಎಷ್ಟು ಗಟ್ಟಿಯೋ ಅಷ್ಟು ಪಾಲು.

ಗಾಡಿ ಸಾಲಿನ ಗುಂಟ 40 ಮೀಟರ್ ಬಂದಿದೆ ಎಂಬುದು ಫಿಲ್ಟರಿನ ಊಹೆ, ಅದರ ಅನಿಶ್ಚಿತತೆ 1 ಮೀಟರ್. ಜಿಪಿಎಸ್ ಹೇಳುವುದು 46 ಮೀಟರ್, ಅದರ ಅನಿಶ್ಚಿತತೆ 3 ಮೀಟರ್. ಅನಿಶ್ಚಿತತೆಗಳ ವರ್ಗ 1 ಮತ್ತು 9. ಜಿಪಿಎಸ್‌ಗೆ ಸಿಗುವ ಪಾಲು 1/(1+9), ಅಂದರೆ ಹತ್ತರಲ್ಲೊಂದು. ಹೊಸ ಅಂದಾಜು 40.6 ಮೀಟರ್. ಅದೇ ಗಾಡಿ ಬಹಳ ಹೊತ್ತು ಜಿಪಿಎಸ್ ಸಿಗದೆ ಓಡಿ ಅದರ ಅನಿಶ್ಚಿತತೆ 6 ಮೀಟರಿಗೆ ಏರಿದ್ದರೆ, ಜಿಪಿಎಸ್‌ನ ಪಾಲು 36/(36+9), ಅಂದರೆ ಹತ್ತರಲ್ಲಿ ಎಂಟು. ಆಗ ಅಂದಾಜು 44.8 ಮೀಟರಿಗೆ ಬರುತ್ತದೆ. ಅಳತೆ ಒಂದೇ, ತೀರ್ಪು ಬೇರೆ.

ಸರಾಸರಿಯಿಂದ ಎಂದೂ ಆಗದ ಇನ್ನೊಂದು ಕೆಲಸವನ್ನೂ ಇದು ಮಾಡುತ್ತದೆ. ಜಿಪಿಎಸ್ ಸ್ಥಾನ ಹೇಳುತ್ತದೆಯೇ ಹೊರತು ಗಾಡಿಯ ಮುಖ ಯಾವ ಕಡೆಗಿದೆ ಎಂದು ಹೇಳುವುದಿಲ್ಲ. ಆದರೂ ಅದರ ಒಂದು ಅಳತೆಯಿಂದ ದಿಕ್ಕೂ ಸರಿಹೋಗುತ್ತದೆ. ಹೊರಡುವಾಗ ದಿಕ್ಕಿನಲ್ಲಿ 5 ಡಿಗ್ರಿಯಷ್ಟು ಅನಿಶ್ಚಿತತೆ ಇತ್ತು, ಗಾಡಿ 40 ಮೀಟರ್ ಸಾಗಿದೆ. ದಿಕ್ಕಿನ ಆ ಸಂದೇಹ ಈಗ ಪಕ್ಕದ ಸ್ಥಾನದಲ್ಲಿ ಸುಮಾರು 3.5 ಮೀಟರ್ ಸಂದೇಹವಾಗಿದೆ. ಎರಡೂ ಒಂದೇ ಬೇರಿನವು ಎಂಬುದನ್ನು ಫಿಲ್ಟರ್ ತನ್ನ ಕೋವೇರಿಯನ್ಸ್ ಮ್ಯಾಟ್ರಿಕ್ಸಿನಲ್ಲಿ ಬರೆದಿಟ್ಟುಕೊಂಡಿದೆ. ಈಗ ಜಿಪಿಎಸ್ ‘ನೀನು 4 ಮೀಟರ್ ಎಡಕ್ಕಿದ್ದೀಯ’ ಎಂದರೆ, ಫಿಲ್ಟರ್ ಸ್ಥಾನವನ್ನು 2.3 ಮೀಟರ್ ಎಡಕ್ಕೆ ಸರಿಸುತ್ತದೆ, ಜೊತೆಗೆ ದಿಕ್ಕನ್ನೂ 3.3 ಡಿಗ್ರಿ ಎಡಕ್ಕೆ ತಿರುಗಿಸುತ್ತದೆ. ಜೈರೋದ ಓರೆಯನ್ನು ಅದು ಕಂಡುಹಿಡಿಯುವುದೂ ಇದೇ ಬಗೆಯಲ್ಲಿ.

ಇದಕ್ಕೆ ಗಾಡಿ ಚಲಿಸಬೇಕು. ಇನ್ನೂ ಹೊರಡದೆ ನಿಂತ ಗಾಡಿಗೆ ಜಿಪಿಎಸ್ ದಿಕ್ಕಿನ ಬಗ್ಗೆ ಏನನ್ನೂ ಕಲಿಸಲಾರದು.

ತಪ್ಪು ಕಲ್ಪನೆ 4: ಜಿಪಿಎಸ್ ಅಳತೆ ಹೆಚ್ಚು ಸಿಕ್ಕಷ್ಟೂ ನಿಖರತೆ ಹೆಚ್ಚು

ಸತ್ಯ: ಒಂದೇ ಮರದ ಕೆಳಗೆ ತೆಗೆದ ನೂರು ಅಳತೆಗಳು ನೂರು ಸಾಕ್ಷಿಗಳಲ್ಲ. ಉಪಗ್ರಹದ ಸಂಕೇತ ಒದ್ದೆ ಎಲೆಗಳಲ್ಲಿ ಸೊರಗಿ, ಕಾಂಡಗಳಿಗೆ ತಾಗಿ ಸುತ್ತುಬಳಸಿ ಬಂದಾಗ, ಸೆಕೆಂಡಿಗೆ ಹತ್ತು ಬಾರಿ ಬರುವ ಅಳತೆಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ. ಕಾಲ್ಮನ್ ಫಿಲ್ಟರಿನ ಮೂಲ ಷರತ್ತು ಒಂದು ಅಳತೆಯ ದೋಷಕ್ಕೂ ಮುಂದಿನದಕ್ಕೂ ನಂಟಿರಬಾರದು ಎಂಬುದು. ಆ ಷರತ್ತು ತೋಟದೊಳಗೆ ಮುರಿಯುತ್ತದೆ. ಫಿಲ್ಟರ್ ಮಾತ್ರ ಪ್ರತಿಯೊಂದನ್ನೂ ಹೊಸ ಸಾಕ್ಷಿಯೆಂದೇ ಎಣಿಸಿ, ತಪ್ಪು ಜಾಗದ ಮೇಲೆ ವಿಶ್ವಾಸ ಬೆಳೆಸಿಕೊಳ್ಳುತ್ತದೆ.

ಇಸ್ರೋದ ನಾವಿಕ್ ಸೇರಿ ಹೆಚ್ಚು ಉಪಗ್ರಹಗಳು ಕಂಡರೆ ಅನುಕೂಲವೇ. ಆದರೆ ಎಲ್ಲದರ ಸಂಕೇತವೂ ಅದೇ ಎಲೆಗಳನ್ನು ದಾಟಿಯೇ ಬರಬೇಕು.

ಪರಿಹಾರ ಎರಡು. ಅಳತೆಗಳನ್ನು ಸೆಕೆಂಡಿಗೆ ಹತ್ತರ ಬದಲು ಒಂದಕ್ಕೆ ಇಳಿಸಿ, ರಿಸೀವರ್ ಹೇಳಿಕೊಳ್ಳುವುದಕ್ಕಿಂತ ಹೆಚ್ಚಿನ ಅನಿಶ್ಚಿತತೆಯನ್ನು ಅವಕ್ಕೆ ಕೊಡುವುದು ಮೊದಲನೆಯದು. ಬಾಗಿಲಲ್ಲೇ ತಪಾಸಣೆ ಮಾಡುವುದು ಎರಡನೆಯದು. ಊಹೆಗೂ ಅಳತೆಗೂ ಇರುವ ಅಂತರದ ವರ್ಗವನ್ನು ಎರಡರ ಅನಿಶ್ಚಿತತೆಯ ವರ್ಗಗಳ ಮೊತ್ತದಿಂದ ಭಾಗಿಸುತ್ತಾರೆ. ಮೇಲಿನ 1 ಮತ್ತು 3 ಮೀಟರಿಗೆ ಆ ಮೊತ್ತ 10. ಅಂತರ 8 ಮೀಟರಾದರೆ 64/10, ಅಂದರೆ 6.4. ಅಂತರ 12 ಮೀಟರಾದರೆ 144/10, ಅಂದರೆ 14.4. ಎರಡು ಆಯಾಮದ ಸ್ಥಾನಕ್ಕೆ ಶೇಕಡಾ 99ರ ಗಡಿ 9.21. ಮೊದಲನೆಯದು ಒಳಗೆ ಬರುತ್ತದೆ, ಎರಡನೆಯದು ಹೊರಗೇ ಉಳಿಯುತ್ತದೆ.

ತಪ್ಪು ಕಲ್ಪನೆ 5: ಫಿಲ್ಟರ್ ತೋರಿಸುವ ಅನಿಶ್ಚಿತತೆ ಚಿಕ್ಕದಿದ್ದರೆ ಅಂದಾಜು ಸರಿಯಾಗಿದೆ

ಸತ್ಯ: ಆ ಸಂಖ್ಯೆ ಫಿಲ್ಟರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಅದಕ್ಕೆ ಹೇಳಿಕೊಟ್ಟ ಊಹೆಗಳು ತಪ್ಪಿದ್ದರೆ ಆ ಮಾತೂ ತಪ್ಪು.

ದಟ್ಟ ನೆರಳಿನಲ್ಲಿ ಜಿಪಿಎಸ್ ಸಿಗದ ಹೊತ್ತು ಗಾಡಿ ಕೆಸರಿಗೆ ಬಿತ್ತು. ಚಕ್ರಗಳೆರಡೂ 15 ಮೀಟರಿನಷ್ಟು ಸುತ್ತಿದವು, ಗಾಡಿ ಸಾಗಿದ್ದು 3 ಮೀಟರ್. ಜಾರುವಿಕೆಯ ಬಗ್ಗೆ ಫಿಲ್ಟರಿಗೆ ಯಾರೂ ಹೇಳಿಲ್ಲ, ಹಾಗಾಗಿ ಅನಿಶ್ಚಿತತೆ ಇನ್ನೂ 1 ಮೀಟರ್ ಎಂದೇ ಅದು ತೋರಿಸುತ್ತಿದೆ. ಬಯಲಿಗೆ ಬಂದೊಡನೆ ಸಿಕ್ಕ ಒಳ್ಳೆಯ ಜಿಪಿಎಸ್ ಅಳತೆ 12 ಮೀಟರ್ ಹಿಂದಿನ ಜಾಗ ತೋರಿಸುತ್ತದೆ. ಮತ್ತದೇ 14.4. ಬಾಗಿಲು ಮುಚ್ಚುತ್ತದೆ, ಮತ್ತು ನಿಜವೇ ಹೊರಗೆ ನಿಲ್ಲುತ್ತದೆ. ಮುಂದಿನ ಅಳತೆಗೂ ಅದೇ ಗತಿ.

ಮರಕ್ಕೆ ತಾಗಿ ಬಂದ ಸುಳ್ಳು 12 ಮೀಟರಿಗೂ ಈ ನಿಜದ 12 ಮೀಟರಿಗೂ ಒಂದೇ ಅಳತೆಯಲ್ಲಿ ವ್ಯತ್ಯಾಸ ಕಾಣದು. ಸಾಲಾಗಿ ನೋಡಿದರೆ ಕಾಣುತ್ತದೆ. ಪ್ರತಿಫಲನದ ದೋಷ ಗಾಡಿ ಹತ್ತಾರು ಮೀಟರ್ ಮುಂದೆ ಹೋದೊಡನೆ ದಿಕ್ಕು ಬದಲಿಸುತ್ತದೆ ಇಲ್ಲವೇ ಮಾಯವಾಗುತ್ತದೆ. ಫಿಲ್ಟರಿನದೇ ತಪ್ಪಾಗಿದ್ದರೆ ಪ್ರತಿ ಅಳತೆಯೂ ಅದೇ ಕಡೆಗೆ, ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬೆರಳು ತೋರುತ್ತದೆ. ಆದ್ದರಿಂದ ಸತತ ತಿರಸ್ಕಾರಗಳನ್ನು ಎಣಿಸಿ, ಒಂದು ಮಿತಿ ದಾಟಿದರೆ ಗಾಡಿಯನ್ನು ನಿಲ್ಲಿಸಿ ಅನಿಶ್ಚಿತತೆಯನ್ನು ಬೇಕೆಂದೇ ದೊಡ್ಡದು ಮಾಡುತ್ತಾರೆ. ಒಂದೇ ಚಕ್ರ ಜಾರಿದರೆ ಪತ್ತೆ ಇನ್ನೂ ಸುಲಭ. ಚಕ್ರಗಳ ವ್ಯತ್ಯಾಸ ‘ತಿರುಗಿದೆ’ ಎನ್ನುವಾಗ ಜೈರೋ ‘ಇಲ್ಲ’ ಎನ್ನುತ್ತದೆ.

ಇಡೀ ದಿನದ ದಾಖಲೆಯ ಮೇಲೆ ಮಾಡುವ ಪರೀಕ್ಷೆಯೂ ಒಂದಿದೆ. ತಪಾಸಣೆಯಲ್ಲಿ ಬಂದ 6.4, 14.4ರಂಥ ಸಂಖ್ಯೆಗಳನ್ನೆಲ್ಲ, ತಿರಸ್ಕೃತವಾದವನ್ನೂ ಸೇರಿಸಿ, ಸರಾಸರಿ ಮಾಡಿದರೆ ಎರಡರ ಆಸುಪಾಸು ಬರಬೇಕು. ಎರಡನ್ನು ಬಹಳ ಮೀರಿದರೆ ಫಿಲ್ಟರಿಗೆ ಅತಿವಿಶ್ವಾಸ, ಬಹಳ ಕೆಳಗಿದ್ದರೆ ಅತಿ ಅಂಜಿಕೆ. ಇನ್ನೂ ನೇರವಾದ ಪರೀಕ್ಷೆ ಕಾಫಿ ಒಣಗಿಸುವ ಕಣದಲ್ಲೇ ಆಗುತ್ತದೆ. ಸಿಮೆಂಟಿನ ಮೇಲೆ ಸುಣ್ಣದ ಗುರುತು ಹಾಕಿ, ಗಾಡಿಯನ್ನು ಅಲ್ಲಿಂದ ಹೊರಡಿಸಿ, ತೋಟ ಸುತ್ತಿಸಿ ಅದೇ ಗುರುತಿನ ಮೇಲೆ ತಂದು ನಿಲ್ಲಿಸಬೇಕು. ಫಿಲ್ಟರ್ ತೋರಿಸುವ ಜಾಗ ಗುರುತಿನಿಂದ 5 ಮೀಟರ್ ದೂರವಿದ್ದು, ಅನಿಶ್ಚಿತತೆ ಮಾತ್ರ 1 ಮೀಟರ್ ಎಂದಿದ್ದರೆ, ಚಕ್ರದ ಜಾರುವಿಕೆಗೆ ಕೊಟ್ಟ ಅಂಕಿಯನ್ನು ಮೊದಲು ಹೆಚ್ಚಿಸಿ ಇನ್ನೊಂದು ಸುತ್ತು ಓಡಿಸುತ್ತಾರೆ.